ಫೀಸು ಲೆಡ್ಜರ್‌ನಲ್ಲಿ, ಸಂಬಳ ಕೈಯಲ್ಲಿ: ಬುಕ್ಕಾಪಟ್ಟಣದಂಥ ಊರಲ್ಲಿ ಖಾಸಗಿ ಶಾಲೆಯ ಬಜೆಟ್ ಎಲ್ಲಿ ತಪ್ಪುತ್ತದೆ?

ಬುಕ್ಕಾಪಟ್ಟಣ (ಶಿರಾ ತಾ.): ಜೂನ್ ಬಂತೆಂದರೆ ಹೋಬಳಿಯ ಮನೆಗಳಲ್ಲಿ ಒಂದೇ ಹಣಕ್ಕೆ ಎರಡು ಕೈ ಚಾಚಿರುತ್ತವೆ. ಒಂದು ಕಡೆ ಕಡ್ಲೇಕಾಯಿ ಬಿತ್ತನೆ ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ. ಇನ್ನೊಂದು ಕಡೆ ಮಕ್ಕಳ ಶಾಲೆ ಫೀಸು. ಬೀಜಕ್ಕೆ ಕಾಯೋಕೆ ಆಗಲ್ಲ, ಮಳೆ ಕೇಳಲ್ಲ. ಹಾಗಾಗಿ ಕಾಯಬೇಕಾದ್ದು ಶಾಲೆಯೇ. “ಮೊದಲ ಕಂತು ಇಷ್ಟು ಇಟ್ಕೊಳ್ಳಿ ಸಾರ್, ಮಿಕ್ಕಿದ್ದು ಕಾಯಿ ಕಿತ್ತ ಮೇಲೆ” ಎಂಬ ಮಾತು ಶಾಲೆ ಆಫೀಸಿನಲ್ಲಿ ಪ್ರತಿ ವರ್ಷ ಕೇಳುವಂಥದ್ದು. ಕಾಯಿ ಕೀಳುವುದು ಅಕ್ಟೋಬರ್–ನವೆಂಬರ್‌ನಲ್ಲಿ. ಮೇಷ್ಟ್ರಿಗೂ ಮಿಸ್ಸುಗಳಿಗೂ ಸಂಬಳ ಕೊಡಬೇಕಾದ್ದು ಮಾತ್ರ ಪ್ರತಿ ತಿಂಗಳ ಮೊದಲ ವಾರ.

ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕುಗಳಲ್ಲಿ ಮಳೆ ನಂಬಿದ ಬೇಸಾಯವೇ ಹೆಚ್ಚು. ಇಲ್ಲಿನ ಸಣ್ಣ ಅನುದಾನರಹಿತ ಶಾಲೆಯ ಬಜೆಟ್ ಕೆಡುವುದು ಫೀಸು ಕಮ್ಮಿ ಇಟ್ಟದ್ದರಿಂದ ಅಂತ ಆಡಳಿತ ಮಂಡಳಿಗಳು ಹೇಳುತ್ತವೆ. ಫೀಸು ಜಾಸ್ತಿ ಆಯ್ತು ಅಂತ ಪೋಷಕರು ಹೇಳುತ್ತಾರೆ. ಲೆಕ್ಕ ಬಿಡಿಸಿ ನೋಡಿದರೆ ತಪ್ಪು ಬೇರೆ ಜಾಗದಲ್ಲಿ ಕಾಣುತ್ತದೆ. ಬರಬೇಕಾದ ಫೀಸನ್ನು ಬಂದ ಫೀಸು ಎಂದು ಬರೆದುಕೊಂಡು, ಆ ಮೊತ್ತದ ಮೇಲೆ ಸಂಬಳ ಹೆಚ್ಚಳದ ಮಾತು ಕೊಡುವುದು.

ಅಂಗಡಿ ಇಟ್ಟವರಿಗೆ ಇದನ್ನು ವಿವರಿಸಬೇಕಿಲ್ಲ. ಉದ್ರಿ ಪುಸ್ತಕದಲ್ಲಿ 2 ಲಕ್ಷ ಇದೆ ಅಂತ ಶಿರಾದ ಸಗಟು ವ್ಯಾಪಾರಿಗೆ ಯಾರೂ ಚೆಕ್ ಬರೆದುಕೊಡಲ್ಲ. ಎಷ್ಟು ಉದ್ರಿ ವಾಪಸ್ ಬರುತ್ತೆ, ಯಾವ ತಿಂಗಳು ಬರುತ್ತೆ, ಯಾವುದು ಮುಳುಗಿದ ಹಾಗೇ ಎಂಬುದು ಅಂಗಡಿಯವನ ತಲೆಯಲ್ಲೇ ಇರುತ್ತದೆ. ಶಾಲೆಯ ಬಜೆಟ್‌ಗೂ ಬೇಕಾದ್ದು ಇದೇ ಬುದ್ಧಿ.

ಒಂದು ಶಾಲೆಯ ಲೆಕ್ಕ

ಇದು ಇಲ್ಲಿನ ಯಾವುದೇ ಶಾಲೆಯ ಲೆಕ್ಕವಲ್ಲ, ಉದಾಹರಣೆಗೆ ಕಟ್ಟಿದ್ದು. ಎಲ್‌ಕೆಜಿಯಿಂದ 7ನೇ ತರಗತಿವರೆಗೆ 300 ಮಕ್ಕಳು, ಸರಾಸರಿ ವರ್ಷಕ್ಕೆ 15 ಸಾವಿರ ಫೀಸು ಎಂದಿಟ್ಟುಕೊಂಡರೆ ಒಟ್ಟು 45 ಲಕ್ಷ. ವ್ಯಾನ್ ಫೀಸು, ವ್ಯಾನ್ ಖರ್ಚು ಇದರಲ್ಲಿ ಸೇರಿಲ್ಲ. ಡೀಸೆಲ್, ಇನ್ಶೂರೆನ್ಸ್, ಎಫ್‌ಸಿ, ಡ್ರೈವರ್ ಸಂಬಳ ಎಲ್ಲಕ್ಕೂ ಬೇರೆ ಪುಸ್ತಕವೇ ಇರಬೇಕು. ಇಲ್ಲದಿದ್ದರೆ ವ್ಯಾನಿನ ನಷ್ಟ ಕ್ಲಾಸ್ ರೂಮಿನ ಫೀಸಲ್ಲಿ ಕರಗಿ ಹೋಗುತ್ತದೆ, ಯಾರಿಗೂ ಗೊತ್ತಾಗಲ್ಲ.

ಈ 45 ಲಕ್ಷದಲ್ಲಿ ಒಂದಷ್ಟು ಯಾವತ್ತೂ ಬರುವುದಿಲ್ಲ. ಒಂದೇ ಮನೆಯ ಎರಡನೇ ಮಗುವಿಗೆ ರಿಯಾಯಿತಿ, ಶಾಲೆಯ ಸಿಬ್ಬಂದಿ ಮಕ್ಕಳಿಗೆ ಅರ್ಧ ಫೀಸು, ಅಪ್ಪ ಇಲ್ಲದ ಮಗುವಿಗೆ ಮಾಫಿ, ಅಧ್ಯಕ್ಷರು ಫೋನಲ್ಲಿ ಹೇಳಿ ಬಿಡಿಸಿದ್ದು, ಇವೆಲ್ಲ ಸೇರಿ 2.5 ಲಕ್ಷ ಎನ್ನಬಹುದು. ಇದನ್ನು ಬಾಕಿ ಎಂದು ಬರೆಯಬಾರದು, ಇದು ಕೊಟ್ಟುಬಿಟ್ಟ ರಿಯಾಯಿತಿ. ಬಾಕಿಯ ಪಟ್ಟಿಯಲ್ಲೇ ಉಳಿದರೆ ಮುಂದಿನ ವರ್ಷ ಹೊಸ ಕ್ಲರ್ಕ್ ಅದೇ ಮನೆಗೆ ಫೋನ್ ಮಾಡಿ ಕೇಳುತ್ತಾರೆ, ಜಗಳ ಆಗುತ್ತದೆ. ರಿಯಾಯಿತಿ ಕಳೆದರೆ ಉಳಿಯುವುದು 42.5 ಲಕ್ಷ.

ಇನ್ನು ಇದರಲ್ಲಿ ಎಷ್ಟು ಕೈಗೆ ಬರುತ್ತದೆ? ಇದಕ್ಕೆ ಅಂದಾಜು ಬೇಡ, ಹಳೆಯ ಮೂರು ವರ್ಷದ ರಸೀದಿ ಪುಸ್ತಕ ಸಾಕು. ಆಡಿಟ್ ಏಪ್ರಿಲ್‌ನಿಂದ ಮಾರ್ಚ್‌ಗೆ ನಡೆದರೂ ಶಾಲೆಯ ಬದುಕು ಜೂನ್‌ನಿಂದ ಮೇವರೆಗೆ. ಆದ್ದರಿಂದ ಪ್ರತಿ ವರ್ಷ ಮೇ ಕೊನೆಯೊಳಗೆ ಆ ವರ್ಷದ ಫೀಸಿನಲ್ಲಿ ನೂರಕ್ಕೆ ಎಷ್ಟು ಬಂತು ಎಂದು ಬರೆದುಕೊಳ್ಳಬೇಕು. ಮೂರು ವರ್ಷ ಕ್ರಮವಾಗಿ ಶೇ 91, 86, 88 ಬಂದಿದೆ ಎಂದಿಟ್ಟುಕೊಂಡರೆ, ಬಜೆಟ್‌ಗೆ ಹಾಕಬೇಕಾದ್ದು ಸರಾಸರಿಯನ್ನಲ್ಲ, ಕಡಿಮೆ ಇರುವ 86ನ್ನು. ಕಾರಣ ಸರಳ. ವಸೂಲಿ ಜಾಸ್ತಿ ಆದರೆ ಹಣ ಉಳಿಯುತ್ತೆ, ಯಾರಿಗೂ ತೊಂದರೆ ಇಲ್ಲ. ಕಮ್ಮಿ ಆದರೆ ಸಂಬಳ ನಿಲ್ಲುತ್ತದೆ.

42.5 ಲಕ್ಷದ ಶೇ 86 ಅಂದರೆ ಸುಮಾರು 36.55 ಲಕ್ಷ. ಹಳೆ ವರ್ಷಗಳ ಬಾಕಿಯಲ್ಲಿ 1 ಲಕ್ಷ ಬರಬಹುದು ಎಂದು ಸೇರಿಸಿದರೆ ಕೈಗೆ ಸಿಗುವುದು 37.55 ಲಕ್ಷ. ಹಳೆ ಬಾಕಿ ವಿಷಯದಲ್ಲಿ ಎಚ್ಚರ ಬೇಕು. ಮಗು ಇನ್ನೂ ಅದೇ ಶಾಲೆಯಲ್ಲಿದ್ದರೆ ಬಾಕಿ ಬರುವ ದಾರಿ ಇದೆ. ಮಗು ಶಾಲೆ ಬಿಟ್ಟು ಎರಡು ವರ್ಷ ಆಗಿದ್ದರೆ ಆ ಸಾಲನ್ನು ಬಜೆಟ್‌ನಿಂದ ಹೊಡೆದು ಹಾಕುವುದೇ ಮೇಲು.

ಖರ್ಚಿನ ಕಡೆ ದೊಡ್ಡದು ಸಂಬಳ. 15 ಶಿಕ್ಷಕರಿಗೆ ಸರಾಸರಿ 11 ಸಾವಿರ, ಕ್ಲರ್ಕ್, ಆಯಾ, ಅಟೆಂಡರ್ ಸೇರಿ 5 ಜನಕ್ಕೆ ಸರಾಸರಿ 9 ಸಾವಿರ ಎಂದರೆ ತಿಂಗಳಿಗೆ 2.10 ಲಕ್ಷ, 12 ತಿಂಗಳಿಗೆ 25.20 ಲಕ್ಷ. ಸಿಬ್ಬಂದಿ 20 ಆದ ಕೂಡಲೇ ಪಿಎಫ್ ಕಡ್ಡಾಯ. ಆಡಳಿತ ಮಂಡಳಿಯ ಪಾಲು ಶೇ 12, ಅದರ ಮೇಲೆ ವಿಮೆ ಮತ್ತು ಆಡಳಿತ ಶುಲ್ಕ ಸೇರಿ ಸುಮಾರು ಶೇ 13. ಅದು ವರ್ಷಕ್ಕೆ 3.28 ಲಕ್ಷ. ಬಾಡಿಗೆ, ಕರೆಂಟು, ನೀರು, ಪರೀಕ್ಷೆ, ಪ್ರಿಂಟಿಂಗ್, ರಿಪೇರಿ, ವಾರ್ಷಿಕೋತ್ಸವ, ಮಾನ್ಯತೆ ನವೀಕರಣಕ್ಕೆ ಬೇಕಾದ ಕಟ್ಟಡ ಮತ್ತು ಅಗ್ನಿ ಸುರಕ್ಷತೆ ಪ್ರಮಾಣಪತ್ರಗಳ ಓಡಾಟ, ಎಲ್ಲ ಸೇರಿ 6.90 ಲಕ್ಷ ಎನ್ನೋಣ. ಗ್ರಾಚ್ಯುಟಿಗೆ ತೆಗೆದಿಡುವ 1.21 ಲಕ್ಷ ಸೇರಿಸಿದರೆ ಒಟ್ಟು ಖರ್ಚು 36.59 ಲಕ್ಷ.

ಅಂದರೆ ಒಬ್ಬರಿಗೂ ಸಂಬಳ ಹೆಚ್ಚಿಸದೆ ಇದ್ದರೆ ವರ್ಷದ ಕೊನೆಗೆ ಉಳಿಯುವುದು 96 ಸಾವಿರ.

ಈಗ ಶೇ 10 ಹೆಚ್ಚಳ

ಮೇ ತಿಂಗಳ ಮೀಟಿಂಗ್‌ನಲ್ಲಿ ಎಲ್ಲರಿಗೂ ಶೇ 10 ಜಾಸ್ತಿ ಮಾಡೋಣ ಅಂತ ತೀರ್ಮಾನ ಆಯ್ತು ಎಂದಿಟ್ಟುಕೊಂಡರೆ, ಸಂಬಳದ ಖರ್ಚು 2.52 ಲಕ್ಷ ಏರುತ್ತದೆ. ಅಲ್ಲಿಗೇ ನಿಲ್ಲಲ್ಲ, ಪಿಎಫ್ ಮತ್ತು ಗ್ರಾಚ್ಯುಟಿಯೂ ಜೊತೆಗೇ ಏರಿ ಒಟ್ಟು ಹೊರೆ 2.97 ಲಕ್ಷ ಆಗುತ್ತದೆ.

ಫೀಸು ಪೂರ್ತಿ ಬಂದೇ ಬರುತ್ತೆ ಎಂದು 42.5 ಲಕ್ಷ ಬರೆದುಕೊಂಡ ಬಜೆಟ್‌ನಲ್ಲಿ ಇಷ್ಟು ಹೆಚ್ಚಳದ ನಂತರವೂ 2.94 ಲಕ್ಷ ಉಳಿತಾಯ ಕಾಣುತ್ತದೆ. ಎಲ್ಲರೂ ಸಂತೋಷವಾಗಿ ಕಾಫಿ ಕುಡಿದು ಎದ್ದು ಹೋಗುತ್ತಾರೆ. ಕೈಗೆ ಬರುವ ಹಣದ ಮೇಲೆ ಬರೆದ ಬಜೆಟ್‌ನಲ್ಲಿ ಅದೇ ಶಾಲೆ, ಅದೇ ಮಕ್ಕಳು, ಅದೇ ಸಂಬಳಕ್ಕೆ 2.01 ಲಕ್ಷ ಖೋತಾ. ಸುಮಾರು ಒಂದು ತಿಂಗಳ ಸಂಬಳದಷ್ಟು ಹಣ ಅದು. ಯಾವ ತಿಂಗಳದ್ದು ಎಂಬುದನ್ನು ಊಹಿಸಬೇಕಿಲ್ಲ, ಮೇ ತಿಂಗಳದ್ದು.

ಸಿಬ್ಬಂದಿಯ ಕಡೆಯಿಂದ ನೋಡಿದರೆ ಇನ್ನೊಂದು ಚಿತ್ರ. 11 ಸಾವಿರ ಇದ್ದವರಿಗೆ 1,100 ರೂಪಾಯಿ ಹೆಚ್ಚಾಯಿತು ಎನ್ನಬಹುದು. ಅದರಲ್ಲಿ ಅವರ ಪಾಲಿನ ಪಿಎಫ್ 132 ರೂಪಾಯಿ ಕಡಿತವಾಗಿ ಕೈಗೆ ಬರುವುದು 968. ಆಡಳಿತ ಮಂಡಳಿಗೆ ಅದೇ ಹೆಚ್ಚಳಕ್ಕೆ ಬೀಳುವುದು ಪಿಎಫ್ ಸೇರಿ 1,243. ನಾವು ಕೊಟ್ಟದ್ದು ಇಷ್ಟು ಎಂದು ಒಬ್ಬರು, ನಮಗೆ ಬಂದದ್ದು ಅಷ್ಟೇ ಎಂದು ಇನ್ನೊಬ್ಬರು ಮುಖ ಗಂಟಿಕ್ಕಿಕೊಳ್ಳುವುದು ಇಲ್ಲಿಂದಲೇ. ಇಬ್ಬರೂ ಹೇಳುವುದು ನಿಜ. ಸಂಬಳ ಚೀಟಿಯಲ್ಲಿ ಎರಡೂ ಪಾಲು ಬರೆದು ಕೊಟ್ಟರೆ ಅರ್ಧ ಜಗಳ ಮುಗಿಯುತ್ತದೆ.

ಗ್ರಾಚ್ಯುಟಿ ಅಂತೂ ಬಹಳ ಶಾಲೆಗಳ ಬಜೆಟ್‌ನಲ್ಲಿ ಸಾಲಾಗಿ ಕಾಣುವುದೇ ಇಲ್ಲ. ಶಿಕ್ಷಕರಿಗೆ ಗ್ರಾಚ್ಯುಟಿ ಇಲ್ಲ ಎಂಬ ವಾದ 2022ರ ಆಗಸ್ಟ್ 29ರಂದು ಸುಪ್ರೀಂ ಕೋರ್ಟ್‌ನಲ್ಲಿ ಬಿದ್ದುಹೋಯಿತು. 2009ರ ತಿದ್ದುಪಡಿಯನ್ನು ಖಾಸಗಿ ಶಾಲೆಗಳು ಪ್ರಶ್ನಿಸಿದ್ದವು, ಕೋರ್ಟ್ ತಿದ್ದುಪಡಿಯನ್ನು ಎತ್ತಿ ಹಿಡಿಯಿತು. 1997ರ ಏಪ್ರಿಲ್ 3ರಿಂದಲೇ ಶಿಕ್ಷಕರಿಗೆ ಅದು ಅನ್ವಯ. ಐದು ವರ್ಷ ಕೆಲಸ ಮಾಡಿ ಬಿಟ್ಟವರಿಗೆ ಕೊನೆಯ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ ಎಷ್ಟು ವರ್ಷ ದುಡಿದರೋ ಅಷ್ಟರಿಂದ ಗುಣಿಸಬೇಕು. 11 ಸಾವಿರ ಸಂಬಳದಲ್ಲಿ 8 ವರ್ಷ ದುಡಿದ ಮಿಸ್‌ಗೆ ಇದು 50,769 ರೂಪಾಯಿ. ಇಲ್ಲಿ ಗಮನಿಸಬೇಕಾದ್ದು “ಕೊನೆಯ ಸಂಬಳ” ಎಂಬ ಮಾತು. ಈ ವರ್ಷ 1,100 ಏರಿಸಿದರೆ ಹಿಂದಿನ ಎಂಟೂ ವರ್ಷಕ್ಕೆ ಹೊಸ ಸಂಬಳದ ಲೆಕ್ಕವೇ ಬೀಳುತ್ತದೆ, ಮೊತ್ತ 55,846 ಆಗುತ್ತದೆ. ಹಳಬರು ಹೆಚ್ಚಿರುವ ಶಾಲೆಯಲ್ಲಿ ಹೆಚ್ಚಳದ ಬಾಲ ಉದ್ದ. ಮೂವರು ಹಳೇ ಶಿಕ್ಷಕರು ಒಂದೇ ವರ್ಷ ಬಿಟ್ಟರೆ, ತೆಗೆದಿಟ್ಟ ಹಣ ಇಲ್ಲದ ಶಾಲೆ ಚೀಟಿ ಎತ್ತಬೇಕಾಗುತ್ತದೆ.

ಫೀಸು ಏರಿಸಿದರೆ?

ಖೋತಾ 2.01 ಲಕ್ಷ ತುಂಬಲು ಎಲ್ಲರ ಮೊದಲ ಆಲೋಚನೆ ಫೀಸು ಏರಿಸುವುದು. ಶೇ 6 ಏರಿಸಿದರೆ ಕಾಗದದ ಮೇಲೆ 2.55 ಲಕ್ಷ ಹೆಚ್ಚು ಬರಬೇಕು. ಏರಿಸಿದ ಫೀಸೂ ಅದೇ ಮನೆಗಳಿಂದ ಅದೇ ಶೇ 86ರ ಲೆಕ್ಕದಲ್ಲೇ ಬರುತ್ತದೆ ಎಂಬುದು ಮರೆತುಹೋಗುತ್ತದೆ. ಕೈಗೆ ಸಿಗುವುದು 2.19 ಲಕ್ಷ. ಖೋತಾ ತುಂಬಿ 18 ಸಾವಿರ ಉಳಿಯಿತು.

ಆದರೆ ಫೀಸು ಏರಿತು ಎಂದು ಇಬ್ಬರು ಮಕ್ಕಳನ್ನು ಬಿಡಿಸಿದರೂ ಆ 18 ಸಾವಿರ ಇರಲ್ಲ. ಈ ಲೆಕ್ಕದಲ್ಲಿ ಒಂದು ಮಗುವಿನಿಂದ ನಿಜಕ್ಕೂ ಕೈಗೆ ಬರುವುದು ವರ್ಷಕ್ಕೆ ಸುಮಾರು 12,900. ಇಬ್ಬರು ಹೋದರೆ 25,800 ಕಡಿಮೆ, ಮಿಸ್ಸುಗಳ ಸಂಖ್ಯೆ ಮಾತ್ರ ಅಷ್ಟೇ ಇರುತ್ತದೆ. ಬಿಡಿಸಿದ ಮಗು ಹೋಗಲು ಜಾಗವೂ ಇದೆ. ಸರ್ಕಾರಿ ಶಾಲೆಗಳಲ್ಲೂ ಈಗ ಅಲ್ಲಲ್ಲಿ ಎಲ್‌ಕೆಜಿ, ಇಂಗ್ಲಿಷ್ ಮಾಧ್ಯಮ ವಿಭಾಗ ಶುರುವಾಗಿವೆ. ಶಿರಾ ಕಡೆಯಿಂದ ಹಳದಿ ಬಸ್ಸುಗಳೂ ಬರುತ್ತವೆ.

ಬಾಕಿ ಇದೆ ಅಂತ ಟಿಸಿ ಹಿಡಿದಿಟ್ಟುಕೊಳ್ಳುವುದು ಹಳೆಯ ಅಸ್ತ್ರ. ಆರ್‌ಟಿಇ ಕಾಯ್ದೆ ಪ್ರಕಾರ 8ನೇ ತರಗತಿವರೆಗಿನ ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗಲು ಟಿಸಿ ಕೇಳಿದರೆ ಮುಖ್ಯ ಶಿಕ್ಷಕರು ತಕ್ಷಣ ಕೊಡಬೇಕು. ಟಿಸಿ ತಡವಾಯಿತೆಂದು ಹೊಸ ಶಾಲೆ ದಾಖಲಾತಿ ನಿರಾಕರಿಸುವ ಹಾಗೂ ಇಲ್ಲ. ಬಜೆಟ್ ಮಾಡುವವರು ಇದನ್ನೊಂದು ವಸೂಲಿ ದಾರಿ ಎಂದು ಲೆಕ್ಕ ಹಿಡಿದಿದ್ದರೆ, ಆ ಲೆಕ್ಕ ಕಾನೂನಿನ ಎದುರು ನಿಲ್ಲಲ್ಲ.

ಇದೇ ಕಾಯ್ದೆಯ ಇನ್ನೊಂದು ಬಾಬ್ತು ಕೂಡ ಸೊರಗುತ್ತಿದೆ. ಶೇ 25 ಸೀಟಿಗೆ ಸರ್ಕಾರ ಮರುಪಾವತಿ ಮಾಡುತ್ತಿದ್ದ ಹಣ ಒಂದು ಕಾಲಕ್ಕೆ ಸಣ್ಣ ಶಾಲೆಗಳಿಗೆ ತಡವಾಗಿಯಾದರೂ ಬರುವ ಗ್ಯಾರಂಟಿ ಹಣವಾಗಿತ್ತು. 2019–20ರಿಂದ ರಾಜ್ಯದ ನಿಯಮ ಬದಲಾಯಿತು. ಹತ್ತಿರದಲ್ಲಿ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆ ಇದ್ದರೆ ಖಾಸಗಿಗೆ ಹೊಸ ಆರ್‌ಟಿಇ ಮಕ್ಕಳು ಬರಲ್ಲ. ಅದಕ್ಕೂ ಮೊದಲು ಸೇರಿದ ಮಕ್ಕಳು ವರ್ಷ ವರ್ಷ ಪಾಸಾಗಿ ಹೊರಟಿದ್ದಾರೆ. ಮೇಲಿನ ಲೆಕ್ಕದಲ್ಲಿ ಆ ಹಣ ಸೇರಿಸದಿರುವುದು ಇದಕ್ಕೇ.

ಯಾವ ತಿಂಗಳು ಹಣ ಇರಲ್ಲ

ವರ್ಷದ ಮೊತ್ತ ಸರಿ ಇದ್ದರೂ ತಿಂಗಳ ಲೆಕ್ಕ ತಪ್ಪಬಹುದು. ಉದಾಹರಣೆಯ ಶಾಲೆಗೆ ತಿಂಗಳಿಗೆ ಸುಮಾರು 2.95 ಲಕ್ಷ ಬೇಕು. ಜೂನ್–ಜುಲೈಯಲ್ಲಿ ದಾಖಲಾತಿ ಹಣ, ಸಂಘದ ಸಾಲದಿಂದ ಕಟ್ಟಿದ್ದು ಎಲ್ಲ ಸೇರಿ ವರ್ಷದ ವಸೂಲಿಯ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಬರುತ್ತದೆ ಎನ್ನಬಹುದು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಹೊಲಕ್ಕೆ ಖರ್ಚೇ ಖರ್ಚು, ಶಾಲೆಗೆ ಬರುವುದು ತೀರಾ ಕಮ್ಮಿ. ನವೆಂಬರ್‌ನಿಂದ ಜನವರಿ ಕಾಯಿ, ರಾಗಿ, ಅಡಿಕೆ ಹಣ ಓಡಾಡುವ ಕಾಲ, ಆಗ ವಸೂಲಿಯ ಶೇ 30 ಬರುತ್ತದೆ ಎಂದಿಟ್ಟುಕೊಳ್ಳಬಹುದು. ಫೆಬ್ರುವರಿ–ಮಾರ್ಚ್ ಪರೀಕ್ಷೆ ಹೊತ್ತಿಗೆ ಇನ್ನೊಂದಿಷ್ಟು. ಏಪ್ರಿಲ್–ಮೇಯಲ್ಲಿ ಶಾಲೆಗೆ ಬೀಗ, ವಸೂಲಿಗೂ ಬೀಗ.

ಹೀಗೆ ಬಂದರೆ ಶಾಲೆ ಹೇಗೋ ದಾಟುತ್ತದೆ. ಆದರೆ ಒಂದು ವರ್ಷ ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟು ನವೆಂಬರ್–ಜನವರಿಯ ವಸೂಲಿ ಅರ್ಧಕ್ಕೆ ಇಳಿದರೆ ಏನಾಗುತ್ತದೆ? ಸಂಬಳ ಏರಿಸದೆ ಇದ್ದರೂ ಜನವರಿ ಕೊನೆಗೆ ಬ್ಯಾಂಕಿನಲ್ಲಿ ಉಳಿಯುವುದು 15 ಸಾವಿರದಷ್ಟು. ಪರೀಕ್ಷೆ ಕಾಲದ ವಸೂಲಿಯಲ್ಲಿ ಮಾರ್ಚ್ ದಾಟಬಹುದು, ಏಪ್ರಿಲ್–ಮೇ ಸೇರಿ 4.3 ಲಕ್ಷಕ್ಕೂ ಹೆಚ್ಚು ಕೊರತೆ ಬೀಳುತ್ತದೆ. ಅದು ಆ ಎರಡು ತಿಂಗಳ ಪೂರಾ ಸಂಬಳ.

ಖಾಸಗಿ ಶಾಲೆಗಳಲ್ಲಿ “ಹತ್ತು ತಿಂಗಳ ಸಂಬಳ” ಎಂಬ ಪದ್ಧತಿ ಹುಟ್ಟಿದ್ದು ಈ ಗುಂಡಿಯಿಂದಲೇ. ಕೊರತೆಯನ್ನು ಶಾಲೆ ಹೊರುವ ಬದಲು ಶಿಕ್ಷಕರ ಮನೆ ಹೊರುತ್ತದೆ, ಅಲ್ಲಿಂದ ಅದು ಪೇಟೆಯ ಕಿರಾಣಿ ಅಂಗಡಿಯ ಉದ್ರಿ ಪುಸ್ತಕಕ್ಕೆ ಹೋಗಿ ಕೂರುತ್ತದೆ. ಬುಕ್ಕಾಪಟ್ಟಣದಂಥ ಊರಲ್ಲಿ 20 ಜನರ ಸಂಬಳ ಎರಡು ತಿಂಗಳು ನಿಂತರೆ ಅಂಗಡಿಯವರಿಗೆ ತಿಳಿಯದೆ ಇರಲ್ಲ.

ಇದರ ಅತಿ ಕೆಟ್ಟ ರೂಪ ಕಂಡದ್ದು ಕೊರೊನಾ ವರ್ಷದಲ್ಲಿ. 2021ರ ಜನವರಿ 29ರಂದು ರಾಜ್ಯ ಸರ್ಕಾರ 2020–21ಕ್ಕೆ ಹಿಂದಿನ ವರ್ಷದ ಬೋಧನಾ ಶುಲ್ಕದ ಶೇ 70 ಮಾತ್ರ ಪಡೆಯಬೇಕೆಂದು ಆದೇಶಿಸಿತು. ಶಾಲೆಗಳು ಕೋರ್ಟಿಗೆ ಹೋದವು. ಅದೇ ವರ್ಷ ಮೇ 3ರಂದು ರಾಜಸ್ಥಾನದ ಶಾಲೆಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಶೇ 15 ಕಡಿತ ಸಾಕು ಎಂದಿತ್ತು, ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಅದೇ ಶೇ 15ಕ್ಕೆ ಬಂತು. ಶೇ 30 ಮತ್ತು ಶೇ 15ರ ನಡುವಿನ ಈ ವ್ಯಾಜ್ಯ ಮುಗಿಯುವಷ್ಟರಲ್ಲಿ ಆ ಶೈಕ್ಷಣಿಕ ವರ್ಷವೇ ಮುಗಿದಿತ್ತು. 2021ರ ಜೂನ್‌ನಲ್ಲಿ ಸರ್ಕಾರ ಅನುದಾನರಹಿತ ಶಾಲಾ ಶಿಕ್ಷಕರಿಗೆ ಒಂದು ಸಲಕ್ಕೆ 5 ಸಾವಿರ ಪರಿಹಾರ ಘೋಷಿಸಿತು. ಮೇಲಿನ ಉದಾಹರಣೆಯಲ್ಲಿ ಪಿಎಫ್ ಸೇರಿ ಸಂಬಳವೇ ಒಟ್ಟು ಖರ್ಚಿನ ಶೇ 78. ಇಂಥ ಶಾಲೆಗೆ ಆದಾಯ ಶೇ 15 ಬಿದ್ದರೂ ಕರೆಂಟು, ಪ್ರಿಂಟಿಂಗ್ ಉಳಿಸಿ ಸರಿದೂಗಿಸಲು ಆಗಲ್ಲ, ಕತ್ತರಿ ಸಂಬಳಕ್ಕೇ ಬೀಳುತ್ತದೆ.

ಎರಡು ಹಂತದ ಹೆಚ್ಚಳ

ಹಾಗಾದರೆ ಸಂಬಳ ಏರಿಸಲೇಬಾರದೇ? 11 ಸಾವಿರಕ್ಕೆ ಪಾಠ ಮಾಡುವವರನ್ನು ವರ್ಷಗಟ್ಟಲೆ ಅಲ್ಲೇ ಇಟ್ಟರೆ ಒಳ್ಳೆಯವರು ಶಿರಾಕ್ಕೋ ತುಮಕೂರಿಗೋ ಹೊರಡುತ್ತಾರೆ, ಅವರ ಹಿಂದೆ ಒಂದಷ್ಟು ಮಕ್ಕಳೂ ಹೋಗುತ್ತಾರೆ. ಏರಿಸದೆ ಇರುವುದಕ್ಕೂ ಬೆಲೆ ಇದೆ, ಅದು ಬಜೆಟ್ ಸಾಲಿನಲ್ಲಿ ಕಾಣಲ್ಲ ಅಷ್ಟೇ.

ಬೆಳೆ ನಂಬಿದ ಊರಿಗೆ ಹೊಂದುವ ದಾರಿ, ಹೆಚ್ಚಳವನ್ನೂ ಬೆಳೆಯ ಜೊತೆ ನಡೆಸುವುದು. ಶೇ 5 ಜೂನ್‌ನಿಂದಲೇ ಖಚಿತ. ಇನ್ನು ಶೇ 5 ಡಿಸೆಂಬರ್‌ನಿಂದ, ಆದರೆ ನವೆಂಬರ್ ಕೊನೆಗೆ ವಸೂಲಿ ಮೊದಲೇ ಬರೆದಿಟ್ಟ ಗುರುತು ಮುಟ್ಟಿದ್ದರೆ ಮಾತ್ರ. ಆ ಗುರುತನ್ನೂ ಹಳೆಯ ರಸೀದಿ ಪುಸ್ತಕದಿಂದಲೇ ತೆಗೆಯಬೇಕು. ಒಳ್ಳೆಯ ವರ್ಷಗಳಲ್ಲಿ ನವೆಂಬರ್ 30ಕ್ಕೆ ನೂರಕ್ಕೆ ಎಷ್ಟು ಬಂದಿತ್ತೋ ಅಷ್ಟು. ಹೀಗೆ ಮಾಡಿದರೆ ಈ ವರ್ಷದ ಹೊರೆ 2.97 ಲಕ್ಷದ ಬದಲು 2.23 ಲಕ್ಷ. ಅದಕ್ಕೆ ಫೀಸು ಶೇ 6ರ ಬದಲು ಶೇ 4 ಏರಿಸಿದರೆ ಸಾಕು. 15 ಸಾವಿರ ಕಟ್ಟುವ ಮನೆಗೆ 900ರ ಬದಲು 600 ರೂಪಾಯಿ.

ಇದರಲ್ಲಿ ಎರಡು ಕಡೆ ಎಡವುವುದುಂಟು. ಮೊದಲನೆಯದು, ಗುರುತು ಏನೆಂದು ಶಿಕ್ಷಕರಿಗೆ ಜೂನ್‌ನಲ್ಲೇ ಲಿಖಿತವಾಗಿ ಹೇಳದೆ, ಡಿಸೆಂಬರ್‌ನಲ್ಲಿ “ವಸೂಲಿ ಆಗಿಲ್ಲ” ಎಂದುಬಿಡುವುದು. ವಸೂಲಿಯ ಅಂಕಿ ತಿಂಗಳಿಗೊಮ್ಮೆ ಸ್ಟಾಫ್ ರೂಮಿನಲ್ಲಿ ಅಂಟಿಸದಿದ್ದರೆ ಯಾರೂ ನಂಬಲ್ಲ, ನಂಬಬೇಕೂ ಇಲ್ಲ. ಪೋಷಕರ ಹೆಸರು ಹಾಕುವುದು ಬೇಡ, ಶೇಕಡಾ ಎಷ್ಟು ಎಂಬ ಒಂದು ಸಂಖ್ಯೆ ಸಾಕು. ಶಿಕ್ಷಕರನ್ನೇ ವಸೂಲಿಗೆ ಮನೆ ಮನೆಗೆ ಕಳಿಸುವುದಂತೂ ಬೇರೆಯೇ ಅಪಾಯ. ಪಾಠ ಹೇಳುವವರು ಬಾಕಿ ಕೇಳೋಕೆ ಶುರು ಮಾಡಿದರೆ ಕ್ಲಾಸಿನಲ್ಲಿ ಆ ಮಗು ತಲೆ ಎತ್ತಲ್ಲ.

ಎರಡನೆಯದು, ಮುಂದಿನ ವರ್ಷದ ಲೆಕ್ಕ. ಡಿಸೆಂಬರ್‌ನಲ್ಲಿ ಕೊಟ್ಟ ಶೇ 5 ಈ ವರ್ಷ ಆರು ತಿಂಗಳ ಖರ್ಚು, ಮುಂದಿನ ವರ್ಷ ಹನ್ನೆರಡು ತಿಂಗಳದ್ದು. ಅಂದರೆ ಮುಂದಿನ ಮೇ ಮೀಟಿಂಗ್‌ನಲ್ಲಿ ಹೊಸ ಹೆಚ್ಚಳದ ಮಾತು ಎತ್ತುವ ಮೊದಲೇ ಸುಮಾರು 74 ಸಾವಿರ ಖರ್ಚು ಬಜೆಟ್‌ನಲ್ಲಿ ಬಂದು ಕೂತಿರುತ್ತದೆ. ಕಾಯಿ ಹಣ ಚೆನ್ನಾಗಿ ಬಂದ ವರ್ಷ ಗುರುತು ದಾಟಿ ಉಳಿದ ಮೊತ್ತವನ್ನು ಬೇರೆ ಖಾತೆಗೆ ಹಾಕಿ, ಏಪ್ರಿಲ್–ಮೇ ಸಂಬಳಕ್ಕೆ ಬಿಟ್ಟು ಇನ್ಯಾವುದಕ್ಕೂ ಮುಟ್ಟಬಾರದು ಎಂದು ಠರಾವು ಮಾಡಿಕೊಂಡ ಶಾಲೆ ಆ 74 ಸಾವಿರಕ್ಕೆ ಹೆದರಬೇಕಿಲ್ಲ. ಅದೇ ಹಣದಲ್ಲಿ ಗೇಟಿಗೆ ಹೊಸ ಆರ್ಚ್ ಕಟ್ಟಿಸಿದ್ದರೆ, ಮುಂದಿನ ಮೇ ತಿಂಗಳಿಗೆ ಮತ್ತೆ ಅದೇ ಗುಂಡಿ.